ಎಲ್ಲದಕ್ಕೂ ಹೌದ್ರಿ

ಬಬಲೇಶ್ವರದ ದನದ ಸಂತೆಯಲ್ಲಿ ಶಿವಶರಣಪ್ಪ ಎಂಬ ದಲಾಳಿ, ಟಿಕೋಟಾದ ಅಲ್ಲಾಉದ್ದೀನ ಎಂಬ ಗಿರಾಕಿಯ ಮುಂದಿನ ಹಲ್ಲು ಮುರಿದ. ಹಲ್ಲು ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ. ಕೇಸು ವಿಜಯಪುರದ ಕೋರ್ಟು ಹತ್ತಿತು. ಆಗ ಶಿವಶರಣಪ್ಪನ ಕಡೆಯವರು, ಆತನಿಗೆ ನೆನಪೇ ಹೋಗಿದೆ, ತಲೆ ಸರಿಯಿಲ್ಲ, ಹೆಂಡತಿಯ ಹೆಸರೂ ಗೊತ್ತಿಲ್ಲ ಎಂದು ಅರ್ಜಿ ಹಾಕಿದರು. ನ್ಯಾಯಾಧೀಶರು ಪರೀಕ್ಷೆ ಮಾಡಿ ವರದಿ ಕೊಡಿ ಎಂದು ಅವನನ್ನು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕಳಿಸಿದರು.

ಪರೀಕ್ಷೆಯ ಕೆಲಸ ಅಲ್ಲಿನ ಮನಶ್ಶಾಸ್ತ್ರಜ್ಞೆ ತಬಸ್ಸುಮಳ ಪಾಲಿಗೆ ಬಂತು. ಆ ವಾರ ಅವಳಿಗೆ ಜೋರು ನೆಗಡಿ. ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಕೂತಿದ್ದಳು. ನೆತ್ತಿಯ ಮೇಲಿನ ಫ್ಯಾನು ರಾಗಿ ಬೀಸುವ ಕಲ್ಲಿನಂತೆ ಗರಗುಟ್ಟುತ್ತಿತ್ತು. ಎದುರಿಗೆ ರುಮಾಲು, ಮೀಸೆ, ಅಗಲ ಎದೆಯ ಶಿವಶರಣಪ್ಪ ದೇವರಂತೆ ಕೂತಿದ್ದ. ತಾನು ಅವನಿಗೆ ಚಿಕಿತ್ಸೆ ಕೊಡುವವಳಲ್ಲ, ಇಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುವುದಿಲ್ಲ, ಕೋರ್ಟಿಗೆ ಹೋಗುತ್ತದೆ, ಒಪ್ಪಿಗೆಯೇ ಎಂದು ಅವಳು ಮೊದಲೇ ವಿವರಿಸಿದಳು.

“ಹೌದ್ರಿ,” ಎಂದ ಶಿವಶರಣಪ್ಪ.

ಆಮೇಲೆ ಪ್ರಶ್ನೆಗಳು. ಈ ಪ್ರಶ್ನಾವಳಿಯಲ್ಲಿ ನಿಜವಾದ ಕಾಯಿಲೆಯ ಲಕ್ಷಣಗಳ ನಡುವೆ, ಎಂಥ ಕಾಯಿಲೆಯವರೂ ಸಾಮಾನ್ಯವಾಗಿ ಹೇಳದ ವಿಚಿತ್ರಗಳನ್ನೂ ಬೆರೆಸಿರುತ್ತಾರೆ. ಅಂಥವಕ್ಕೆ ಸಾಲಾಗಿ ಹೌದೆಂದವನು ಕಾಯಿಲೆಯನ್ನು ನಟಿಸುತ್ತಿರಬಹುದು ಎಂಬ ಅನುಮಾನ ಹುಟ್ಟುತ್ತದೆ. ಬಲಗೈ ತಣ್ಣಗಾದಾಗ ಮಾತ್ರ ಜನರ ಹೆಸರು ಮರೆಯುತ್ತದೆಯೇ ಎಂದು ತಬಸ್ಸುಮ ಕೇಳಿದಳು. ಹೌದ್ರಿ ಎಂದ. ಗೋಡೆಯ ಬಣ್ಣಗಳು ತಮ್ಮತಮ್ಮೊಳಗೆ ಜಗಳ ಆಡುತ್ತವೆಯೇ? ಅದಕ್ಕೆ ಆತ ಸ್ವಲ್ಪ ಯೋಚಿಸಿ, “ಭಾಳ್ರೀ,” ಎಂದ. ಒಟ್ಟಿನಲ್ಲಿ ಇಲ್ಲ ಎಂಬ ಪದವೇ ಆತನ ಬಾಯಿಂದ ಬರಲಿಲ್ಲ.

ಮುಂದಿನದು ಚಿತ್ರದ ಪರೀಕ್ಷೆ. ತಂಬಿಗೆ, ಕೊಡಲಿ, ಛತ್ರಿ ಹೀಗೆ ಐವತ್ತು ಚಿತ್ರ ತೋರಿಸಿ, ಆಮೇಲೆ ಪ್ರತಿಯೊಂದನ್ನೂ ಹೊಸದೊಂದರ ಜೊತೆ ಇಟ್ಟು, ಮೊದಲು ನೋಡಿದ್ದು ಯಾವುದು ಎಂದು ಬೆರಳಿಟ್ಟು ತೋರಿಸಲು ಹೇಳಬೇಕು. ನಿಜವಾಗಿ ಮರೆವಿರುವ ಮುದುಕರೂ ಇದರಲ್ಲಿ ಬಹಳಷ್ಟು ಸರಿ ತೋರಿಸುತ್ತಾರೆ. ಶಿವಶರಣಪ್ಪ ಪ್ರತಿ ಜೋಡಿಯನ್ನೂ ಎತ್ತಿನ ಸುಳಿ ನೋಡುವವನಂತೆ ನಿಟ್ಟಿಸಿ ನೋಡಿ, ಹನ್ನೊಂದನ್ನು ಮಾತ್ರ ಸರಿ ತೋರಿಸಿದ.

ತಬಸ್ಸುಮಳಿಗೆ ಒಳಗೊಳಗೇ ಖುಷಿ. ಇಷ್ಟು ಸಲೀಸಾದ ಕೇಸು ಅವಳಿಗೆ ಸಿಕ್ಕಿರಲಿಲ್ಲ. ಆದರೆ ಬರೀ ಅಂಕಗಳ ಮೇಲೆ ವರದಿ ಬರೆಯುವಂತಿಲ್ಲ. ಆತನನ್ನು ಬಲ್ಲವರನ್ನೂ ವಿಚಾರಿಸಬೇಕು, ಅದೂ ಬೇರೆ ಬೇರೆಯಾಗಿ.

ಹೆಂಡತಿ ಶಂಕ್ರೆವ್ವ ಜೈನಾಪುರದಿಂದ ಬಂದಳು. ಯಾರೋ ಕಲಿಸಿದ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದಳು: ನೆನಪಿಲ್ಲ, ಎಚ್ಚರಿಲ್ಲ, ತನ್ನನ್ನು ಗುರುತಿಸುವುದಿಲ್ಲ. ಹಾಗಾದರೆ ನಿನ್ನೆ ಆಸ್ಪತ್ರೆಗೆ ತಂದ ಡಬ್ಬಿಯ ಊಟ ಕೊಟ್ಟಾಗ ಏನೆಂದರು ಎಂದು ತಬಸ್ಸುಮ ಮೆಲ್ಲಗೆ ಕೇಳಿದಳು. ಪಾಠ ಮುಗಿದಿದ್ದರಿಂದ ಶಂಕ್ರೆವ್ವ ನಿಜಕ್ಕಿಳಿದಳು.

“ಪಲ್ಯಾಕ ಉಪ್ಪ ಕಡಿಮಿ ಆಗೈತಿ ಅಂದ್ರು. ಅಷ್ಟ ಗೊತ್ತಾಗತೈತ್ರಿ ಅವರಿಗೆ. ನಾ ಹೊರಗ ನಿಂತು ಹತ್ತ ಸಲ ಕರದ್ರ ಮಾತ್ರ ಓ ಅನ್ನಂಗಿಲ್ಲ. ಎರಡ ವರ್ಷ ಆತು, ಭಾಳ ಸೊಕ್ಕ ಬಂದೈತಿ.”

ಈ ಸೊಕ್ಕಿನ ಮಾತನ್ನು ತಬಸ್ಸುಮ ಬರೆದುಕೊಂಡಳು, ಆದರೆ ತಲೆಗೆ ಹಚ್ಚಿಕೊಳ್ಳಲಿಲ್ಲ.

ಎರಡನೆಯವನು ಹೊನವಾಡದ ಗೈಬುಸಾಬ. ಸಂತೆಯಲ್ಲಿ ಶಿವಶರಣಪ್ಪನ ಪಕ್ಕದಲ್ಲೇ ದಲಾಳಿ ಮಾಡುವವನು. ಜಗಳದಲ್ಲಿ ಯಾರ ಕಡೆಯೂ ಅಲ್ಲ. ಜಗಳ ಆದ ಮೇಲಿನ ಸಂತೆಯಲ್ಲಿ ಶಿವಶರಣಪ್ಪ ಒಂದು ಹೋರಿಯ ತಾಯಿ, ಅಜ್ಜಿ ಯಾರ ಕೊಟ್ಟಿಗೆಯಲ್ಲಿ ಹುಟ್ಟಿದವೆಂದು ಗಿರಾಕಿಗೆ ಬಾಯಿಪಾಠ ಹೇಳಿದ್ದನೆಂದು ಅವನು ಫೋನಿನಲ್ಲಿ ತಿಳಿಸಿದ. ಫೋನು ಇಡುವ ಮುನ್ನ ಬೇರೇನಾದರೂ ತೊಂದರೆ ಕಂಡಿದ್ದೀರಾ ಎಂದು ತಬಸ್ಸುಮ ಕೇಳಿದಳು.

“ತಲಿ ಛಲೋ ಐತ್ರಿ. ಕಿವಿನ ಇಲ್ಲ. ಎಡಗಡೆ ನಿಂತ ಮಾತಾಡಿದ್ರ ಗ್ವಾಡಿಗೆ ಹೇಳಿದಂಗ. ನಮ್ಮ ವ್ಯಾಪಾರದಾಗ ರೇಟ ಬಾಯಲೆ ಹೇಳಂಗಿಲ್ಲ, ಟವೆಲ್ಲಿನ ಕೆಳಗ ಬೆರಳ ಹಿಡದ ನಡೀತೈತಲ್ಲರೀ, ಹಂಗಾಗಿ ನಡಸ್ಕೊಂಡ ಹೊಂಟಾನ. ಯಾರ ಮುಂದನೂ ಒಪ್ಪಂಗಿಲ್ಲ.”

ತಬಸ್ಸುಮ ಮೊದಲ ದಿನದ ಪರೀಕ್ಷೆಯನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡಳು. ತಾನು ಕುರ್ಚಿ ಹಾಕಿಕೊಂಡು ಕೂತದ್ದು ಅವನ ಎಡಕ್ಕೆ. ಬಾಯಿ ನೋಡಿ ಮಾತು ತಿಳಿದುಕೊಳ್ಳುವವನ ಮುಂದೆ ಮಾಸ್ಕ್. ಮೇಲೆ ಆ ಫ್ಯಾನು. ಕೇಳಿಸದ್ದಕ್ಕೆಲ್ಲ ಆತ ಹೌದ್ರಿ ಎಂದಿದ್ದಾನೆ. ಕೋರ್ಟಿಗೆ ಹೇಳುತ್ತೇನೆ ಎಂಬ ಎಚ್ಚರಿಕೆಗೂ ಹೌದ್ರಿ ಎಂದದ್ದು ನೆನಪಾಗಿ, ಅದೂ ಲೆಕ್ಕಕ್ಕಿಲ್ಲ ಎಂದು ತಲೆ ಮೇಲೆ ಕೈ ಹೊತ್ತಳು. ವಿಭಾಗದ ಮುಖ್ಯಸ್ಥರಿಗೆ ಹೋಗಿ ಇದ್ದದ್ದನ್ನು ಹೇಳಿದಳು. ಅವರು ಒಂದು ಗಳಿಗೆ ನಕ್ಕು, ಮೊದಲು ಅವನ ಕಿವಿ ಪರೀಕ್ಷೆ ಮಾಡಿಸಮ್ಮ, ಆಮೇಲೆ ಮೊದಲಿಂದ ಶುರು ಮಾಡು ಎಂದರು.

ಕಿವಿ ವಿಭಾಗದಲ್ಲಿ ಹೊಸ ತಮಾಷೆ. ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರೆ ಶಿವಶರಣಪ್ಪ ಶಬ್ದವಿರಲಿ ಬಿಡಲಿ ಒತ್ತುತ್ತಲೇ ಇದ್ದ. ಇಲ್ಲದ ಮರೆವನ್ನು ಇದೆ ಎನ್ನುವವನು ಇದ್ದ ಕಿವುಡನ್ನು ಇಲ್ಲವೆನ್ನಲು ಒದ್ದಾಡುತ್ತಿದ್ದ. ಕೊನೆಗೆ ತಲೆಗೆ ವೈರು ಅಂಟಿಸಿ, ಕಿವಿಗೆ ಶಬ್ದ ಬಿಟ್ಟು, ಮೆದುಳಿನ ಕಡೆಯಿಂದ ಬರುವ ಅಲೆಯನ್ನು ಯಂತ್ರವೇ ಅಳೆಯುವ ಪರೀಕ್ಷೆ ಮಾಡಿದರು. ಅದಕ್ಕೆ ರೋಗಿಯ ಮಾತು ಬೇಕಿಲ್ಲ, ಮಲಗಿದ್ದರೆ ಸಾಕು. ಆತ ಗೊರಕೆ ಹೊಡೆದ. ಎಡಗಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿದೆ, ಬಲಗಿವಿಯೂ ಮಂದ ಎಂದು ಯಂತ್ರ ಹೇಳಿತು.

ಎರಡನೆಯ ಸಲ ತಬಸ್ಸುಮ ಫ್ಯಾನು ಆರಿಸಿ, ಮಾಸ್ಕ್ ತೆಗೆದು, ಅವನ ಬಲಕ್ಕೆ ಕೂತು ಎಚ್ಚರಿಕೆಯ ಮಾತಿನಿಂದಲೇ ಶುರುಮಾಡಿದಳು. ಈ ಸಲ ಆತ ಗಾಬರಿಯಾಗಿ, ಎಲ್ಲಾನೂ ಸಾಹೇಬರಿಗೆ ಹೇಳುತ್ತೀರೇನು ಎಂದು ಕೇಳಿ, ಬಹಳ ಹೊತ್ತು ಯೋಚಿಸಿ ಒಪ್ಪಿದ. ಗೋಡೆಯ ಬಣ್ಣಗಳ ಜಗಳ ಬಂದಾಗ ಅವಳನ್ನೇ ಕನಿಕರದಿಂದ ನೋಡಿದ.

“ಹಂಗ ಯಾರಿಗರೆ ಆಗತೈತೇನ್ರಿ ಬಾಯಾರ? ನಿಮಗ ಆರಾಮ ಇಲ್ಲೇನು?”

ವಿಚಿತ್ರ ಪ್ರಶ್ನೆಗಳಿಗೆಲ್ಲ ಇಲ್ಲ ಎಂಬ ಉತ್ತರವೇ ಬಂತು. ಆದರೆ ಚಿತ್ರದ ಪರೀಕ್ಷೆಗೆ ಕಿವಿ ಬೇಕಿರಲಿಲ್ಲ. ಅದನ್ನು ಬೇರೆ ಚಿತ್ರಗಳಿಟ್ಟು ಮತ್ತೆ ಮಾಡಿದರೂ ಆತ ಅಷ್ಟೇ ಶ್ರದ್ಧೆಯಿಂದ ತಪ್ಪಿದ.

“ಕಾಕಾ, ಕಣ್ಣ ಮುಚ್ಚಿ ಬೆರಳ ಇಟ್ರೂ ಅರ್ಧದಷ್ಟ ಸರಿ ಬರ್ತಾವು,” ಎಂದಳು ತಬಸ್ಸುಮ. “ಇಷ್ಟ ತಪ್ಪ ಆಗಬೇಕಂದ್ರ, ಸರಿ ಯಾವುದಂತ ಗೊತ್ತಿರಬೇಕು.”

ಶಿವಶರಣಪ್ಪ ಮೀಸೆಯ ಮೇಲೆ ಕೈಯಾಡಿಸುತ್ತ ಲೆಕ್ಕ ಹಾಕಿದ.

“ಅಂದ್ರ ಅರ್ಧ ಸರಿ ಮಾಡಿದ್ರ ನಡೀತಿತ್ತೇನ್ರಿ?”

ಆ ವ್ಯಾಪಾರಕ್ಕೆ ಅವಳು ಇಳಿಯಲಿಲ್ಲ. ಚಿತ್ರಗಳನ್ನು ಎತ್ತಿಟ್ಟಳು. ಆಗ ಆತ ತಾನಾಗಿಯೇ ಬಾಯಿಬಿಟ್ಟ. ನೆನಪು ಹೋಗಿಲ್ಲ. ಊರಿನ ಬುದ್ಧಿವಂತರು ಹಾಗನ್ನು ಎಂದರು. ಕಿವುಡ ದಲಾಳಿ ಅನ್ನಿಸಿಕೊಳ್ಳುವುದಕ್ಕಿಂತ ಹುಚ್ಚ ಅನ್ನಿಸಿಕೊಳ್ಳುವುದೇ ವಾಸಿ ಎನಿಸಿತ್ತಂತೆ. ಹೊಡೆದದ್ದು ಯಾಕೆಂದರೆ, ಎಡಗಡೆ ನಿಂತಿದ್ದ ಅಲ್ಲಾಉದ್ದೀನ “ಕಳ್ಳ ಇಲ್ಲೇ ಅದಾನಲ್ಲ” ಎಂದಿದ್ದ.

ತಬಸ್ಸುಮ ಕೋರ್ಟಿನಿಂದ ಬಂದ ಕಾಗದಗಳಲ್ಲಿ ಫಿರ್ಯಾದು ತೆಗೆದು ಓದಿದಳು. ಎತ್ತಿನ ಬಾಯಿ ನೋಡುತ್ತ ಅಲ್ಲಾಉದ್ದೀನ ಕೇಳಿದ್ದು, “ಹಲ್ಲ ಎಲ್ಲ ಅದಾವಲ್ಲ” ಎಂದು.

ಅದನ್ನು ಬಲಗಿವಿಯ ಹತ್ತಿರ ಎರಡು ಸಲ ಹೇಳಿದ ಮೇಲೆ ಶಿವಶರಣಪ್ಪನ ಮುಖ ಇಳಿದುಹೋಯಿತು.

ವರದಿಯಲ್ಲಿ ಅವಳು ಸುಳ್ಳುಗಾರ ಎಂಬ ಮಾತು ಬರೆಯಲಿಲ್ಲ. ನೆನಪಿಲ್ಲವೆಂಬ ದೂರು ನಂಬುವಂತಿಲ್ಲ, ಬೇಕೆಂದೇ ತಪ್ಪು ಉತ್ತರ ಕೊಟ್ಟಂತಿದೆ, ಮಾನಸಿಕ ಕಾಯಿಲೆ ಕಂಡುಬಂದಿಲ್ಲ, ಕಿವುಡು ನಿಜ, ಹಲ್ಲಿನ ಮಾತು ತನಗೆ ಕಳ್ಳ ಎಂದು ಕೇಳಿಸಿತು ಎನ್ನುತ್ತಾನೆ, ಮೊದಲ ದಿನದ ಪ್ರಶ್ನೋತ್ತರ ನನ್ನ ತಪ್ಪಿನಿಂದ ಲೆಕ್ಕಕ್ಕೆ ಬರುವುದಿಲ್ಲ ಎಂದು ಬರೆದು, ಮುಖ್ಯಸ್ಥರ ಸಹಿ ಹಾಕಿಸಿ ಕಳಿಸಿದಳು. ಹೊಡೆದದ್ದರ ನ್ಯಾಯ ಕೋರ್ಟಿಗೆ ಬಿಟ್ಟದ್ದು.

ಕೋರ್ಟಿನಲ್ಲಿ ವರದಿ ಓದಿದಾಗ ಮೊದಲು ನಕ್ಕವನು ಅಲ್ಲಾಉದ್ದೀನನೇ ಅಂತೆ, ಹೊಸ ಹಲ್ಲು ಕಾಣುವ ಹಾಗೆ. ಶಿವಶರಣಪ್ಪ ಕೈಮುಗಿದ. ನ್ಯಾಯಾಧೀಶರು ಇಲ್ಲದ ಕಾಯಿಲೆ ಹೇಳಿದ್ದಕ್ಕೆ ಚೆನ್ನಾಗಿ ಗದರಿಸಿ, ಇಬ್ಬರ ರಾಜಿಗೆ ಅನುಮತಿ ಕೊಟ್ಟರು.

ಶ್ರವಣಯಂತ್ರ ಹಾಕಿಸುವ ದಿನ ಶಂಕ್ರೆವ್ವನೂ ಬಂದಿದ್ದಳು. ಯಂತ್ರ ಕೂಡಿಸಿದವರು, ಏನಾದರೂ ಮಾತಾಡಮ್ಮ, ಕೇಳಿಸುತ್ತದೋ ನೋಡೋಣ ಎಂದರು. ಎರಡು ವರ್ಷದ ಬೈಗುಳ ಗಂಟಲಲ್ಲೇ ಇದ್ದವಳಿಗೆ ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು, ಹೊಸ ಸೊಸೆಯ ಹಾಗೆ ಮೆತ್ತಗೆ, “ಚಾ ಕುಡಿತೀರೇನ್ರಿ?” ಎಂದಳು.

“ಅಷ್ಟ ಯಾಕ ಒದರ್ತಿ,” ಎಂದ ಶಿವಶರಣಪ್ಪ. “ಕುಡಿಯೂಣ ನಡಿ.”