ತಿಮಿಂಗಿಲದ ಕರಿ ಮಾಂಸ

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಕಾರವಾರದ ದಂಡೆಗೆ ಬಂದು ಬಿದ್ದು ಸತ್ತ ತಿಮಿಂಗಿಲದ ಬೆನ್ನಿನ ಮಾಂಸ ಅದು. ಅಲ್ಲಿನ ಗೆಳೆಯರೊಬ್ಬರು ಸತ್ತ ದಿನವೇ ಕೊಯ್ದು ಬರ್ಫದಲ್ಲಿ ಇಟ್ಟಿದ್ದರು. ಧಾರವಾಡದ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಜವಾನ ಯಾಕೂಬಸಾಬ ಅದನ್ನು ಬಸ್ಸಿನಲ್ಲಿ ತಂದಿದ್ದ. ಇಂಥದೊಂದು ತುಂಡಿಗಾಗಿ ನಾಲ್ಕು ವರ್ಷ ಕಾದಿದ್ದೆ, ನನ್ನ ಪಿಎಚ್.ಡಿ. ಅದರ ಮೇಲೇ ನಿಂತಿತ್ತು. ನೋಡಿದರೆ ಇದ್ದಲಿನ ಹಾಗೆ ಕರ್ರಗಿದೆ!

"ಕೊಳಸಿಬಿಟ್ಟಿಯಲ್ಲೋ! ಯಲ್ಲಾಪುರದಾಗ ಚಾ ಕುಡಕೋತ ಕುಂತಿದ್ದೇನು?"

"ಇಲ್ರಿ ಸರ. ದಾರ್ಯಾಗ ಎರಡ ಸಲ ಬರ್ಫ ಹಾಕೇನಿ. ಇದು ಕೆಟ್ಟಿಲ್ರಿ."

"ಬಾಯಿ ಮುಚ್ಚು. ಹಿತ್ತಲದಾಗ ತಗ್ಗ ತೋಡಿ ಹುಗಿ."

ಹಾಗೆಂದವನೇ ಪ್ರಿನ್ಸಿಪಾಲರಿಗೆ ದೂರು ಬರೆಯಲು ಕೂತೆ. ಯಾಕೂಬನ ನೌಕರಿ ಆ ತಿಂಗಳು ಕಾಯಂ ಆಗುವುದಿತ್ತು. ನನ್ನ ಒಂದು ಪತ್ರ ಸಾಕಿತ್ತು, ಅದು ತಪ್ಪಿಹೋಗಲು. ಗೊತ್ತಿದ್ದೂ ಬರೆದೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಅವನು ಅಲ್ಲೇ ನಿಂತಿದ್ದ.

"ಹುಗೀತೇನ್ರಿ ಸರ. ಮೊದಲ ಒಮ್ಮಿ ಕೊಯ್ದು ತೋರಿಸ್ಲೇನ್ರಿ? ನಮ್ಮಪ್ಪಂದು ಮಾಂಸದ ಅಂಗಡಿ ಇತ್ತು. ಕೊಳತಿದ್ರ ನಾರತಿತ್ರಿ, ಕೈಗೆ ಅಂಟತಿತ್ತು."

ನಾನು ಬರೆಯುತ್ತಲೇ ಇದ್ದೆ. ಅವನು ಚೂರಿಯಿಂದ ತುಂಡನ್ನು ನಡುವೆ ಸೀಳಿದ. ಒಳಗೂ ಕಪ್ಪು, ತುಸು ನೇರಳೆ.

"ಅರ್ಧಾ ತಾಸು ಗಾಳಿಗೆ ಬಿಡ್ರಿ. ಕೆಟ್ಟಿದ್ರ ಮಣ್ಣಿನ ಬಣ್ಣಕ್ಕ ತಿರಗತೈತಿ. ಛಲೋ ಇದ್ರ ಕೆಂಪ ಆಗತೈತಿ."

ಪತ್ರ ಮುಗಿಸಿ, ಸಹಿ ಹಾಕಿ, ಶಾಯಿ ಆರಿದ ಮೇಲೆ ತಿರುಗಿ ನೋಡಿದೆ. ಸೀಳಿದ ಭಾಗವೆಲ್ಲ ಗಾಢ ಕೆಂಪಾಗಿತ್ತು.

ಆ ವಾರವಷ್ಟೇ ತರಗತಿಯಲ್ಲಿ ನಾನೇ ಪಾಠ ಹೇಳಿದ್ದೆ: ಆಳಕ್ಕೆ ಮುಳುಗುವ ತಿಮಿಂಗಿಲ ಪುಪ್ಪುಸದ ಗಾಳಿಯನ್ನು ನಂಬಿ ಇಳಿಯುವುದಿಲ್ಲ, ಆಳದ ಒತ್ತಡಕ್ಕೆ ಪುಪ್ಪುಸವೇ ಮುದುಡಿಹೋಗುತ್ತದೆ. ಸೀಲ್ ಎಂಬ ಕಡಲಪ್ರಾಣಿಯಂತೂ ಎಷ್ಟೋ ಸಲ ಉಸಿರು ಬಿಟ್ಟೇ ಮುಳುಗುತ್ತದೆ. ಬೇಕಾದ ಆಮ್ಲಜನಕ ಅವುಗಳ ಹೇರಳ ರಕ್ತದಲ್ಲಿ, ಸ್ನಾಯುವನ್ನು ಕೆಂಪಾಗಿಸುವ ಬಣ್ಣದ ದ್ರವ್ಯದಲ್ಲಿ ಕೂಡಿರುತ್ತದೆ. ಆ ಬಣ್ಣ ದನದ ಮಾಂಸದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮುಳುಗಿದಾಗ ಹೃದಯ ನಿಧಾನವಾಗುತ್ತದೆ. ರಕ್ತ ಮುಖ್ಯವಾಗಿ ಮಿದುಳಿಗೆ, ಹೃದಯಕ್ಕೆ ಹರಿಯುತ್ತದೆ. ಸ್ನಾಯು ತನ್ನ ಗಂಟಿನಲ್ಲೇ ದಿನ ದೂಡುತ್ತದೆ. ಇಷ್ಟೆಲ್ಲ ಬಾಯಿಪಾಠ ಮಾಡಿಸಿದವನಿಗೆ ಅಷ್ಟು ಬಣ್ಣ ತುಂಬಿದ ಮಾಂಸ ಆಮ್ಲಜನಕ ತೀರಿದಾಗ ಕಪ್ಪಾಗಿ ಕಾಣುತ್ತದೆ, ಗಾಳಿ ತಾಗಿದರೆ ಕೆಂಪಾಗುತ್ತದೆ ಎಂದು ಹೊಳೆಯಲೇ ಇಲ್ಲ. ಎರಡು ದಿನದ ಹಿಂದೆ ಸತ್ತ ಜೀವದ ಸ್ನಾಯು ನನ್ನ ಮೇಜಿನ ಮೇಲೆ ಇನ್ನೂ ಆಮ್ಲಜನಕ ಹಿಡಿಯುತ್ತಿತ್ತು.

ಪತ್ರವನ್ನು ಅವನೆದುರೇ ಹರಿದೆ.

"ತಪ್ಪು ನಂದ, ಯಾಕೂಬ. ನಿನ್ನ ಅನ್ನಕ್ಕ ಕಲ್ಲು ಹಾಕತಿದ್ದೆ."

ಅವನು ಚೂರಿ ಒರೆಸಿ ಮೇಜಿನ ಮೇಲಿಟ್ಟ.

"ಒಂದ ಮಾತ ಕೇಳ್ಲೇನ್ರಿ ಸರ? ಮಾಂಸದ ಮ್ಯಾಲೆ ನಾಕ ವರ್ಷ ಓದೀರಿ. ಹಿಂಗ ಕೊಯ್ದ ಮಾಂಸ ಯಾವತ್ತರ ನೋಡೀರೇನ್ರಿ?"

ನಮ್ಮದು ಲಿಂಗವಂತರ ಮನೆ. ಕಾಲೇಜಿನಲ್ಲಿ ಕಪ್ಪೆಯ ಬಿಳಿಚಿದ ತೊಡೆ ಕೊಯ್ದದ್ದು ಬಿಟ್ಟರೆ, ಕಸಾಯಿಗಲ್ಲಿ ಬಂದಾಗಲೆಲ್ಲ ಮುಖ ತಿರುಗಿಸಿ ನಡೆದವನು ನಾನು.

"ಇಲ್ಲ," ಎಂದೆ. "ಇವತ್ತ ನೋಡಿದೆ."