ಅಣ್ಣನ ಕಾಯಿಲೆ

ಬೇಕರಿಗೆ ಬರುವ ಗಿರಾಕಿಗಳೆಲ್ಲ ಅವನನ್ನು ಬನ್ನು ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಕೆನ್ನೆ ಹಾಗಿತ್ತಂತೆ. ನಲವತ್ತು ಹತ್ತಿರ ಬಂದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಆ ವರ್ಷ ಅವನ ಹೊಟ್ಟೆ ಮುಂದಕ್ಕೆ ಬರತೊಡಗಿದಾಗ, "ಏನಪ್ಪಾ ಬನ್ನು, ಹಿಟ್ಟಿಗೆ ಹಾಕೋ ಯೀಸ್ಟನ್ನ ನೀನೇ ತಿಂದ್ಬಿಟ್ಯಾ?" ಎಂದು ನಕ್ಕರು. ಅವನೂ ನಕ್ಕ. ಗಲ್ಲಾದಲ್ಲಿ ಕೂತಿದ್ದ ಅತ್ತಿಗೆ ಮಾತ್ರ ನಗಲಿಲ್ಲ. ಹಿಂದಿನ ಸಂಜೆ ಅವನು ಚಪ್ಪಲಿ ಕಳಚುವಾಗ ಪಟ್ಟಿಯ ಗುರುತು ಪಾದದಲ್ಲಿ ಆಳವಾಗಿ ಕೂತಿದ್ದನ್ನು ಅವಳು ನೋಡಿದ್ದಳು.

ಅವಳ ಗಂಡ, ಅಂದರೆ ಬನ್ನುವಿನ ಅಣ್ಣ, ತೀರಿಕೊಂಡು ಎಂಟು ವರ್ಷವಾಗಿತ್ತು. ಅವನಿಗೂ ಹೀಗೇ ಶುರುವಾಗಿತ್ತು. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಸಂಜೆಯಾದರೆ ಕಾಲು ಊದುವುದು, ಬೆರಳಿಂದ ಒತ್ತಿದರೆ ಗುಳಿ ಹಾಗೇ ಉಳಿಯುವುದು, ಕತ್ತಿನ ನರ ಉಬ್ಬಿ ನಿಲ್ಲುವುದು. ಮೊದಲು ಲಿವರ್ ಎಂದರು. ಅದನ್ನು ಕೇಳಿದ ಬೀದಿಯವರು ಕುಡಿತ ಎಂದರು. ಆ ಮನುಷ್ಯನೋ, ಹೆಂಡದ ವಾಸನೆ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುವವನು. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ, ಹೃದಯದ ಸ್ನಾಯುವೇ ಗಡುಸಾಗಿದೆ, ಹಿಗ್ಗಿ ರಕ್ತ ತುಂಬಿಕೊಳ್ಳಲು ಅದಕ್ಕೆ ಆಗುತ್ತಿಲ್ಲ, ಬೇರೆ ಹೃದಯ ಕೂಡಿಸುವುದೊಂದೇ ದಾರಿ ಎಂದರು. ಬೇರೆ ಹೃದಯ ಸಿಗಲಿಲ್ಲ. ಅವನು ಹೋದಮೇಲೆ, ಇದು ಮನೆತನದಲ್ಲಿ ಇಳಿದು ಬರುವುದೂ ಉಂಟು, ಮಗಳ ಹೃದಯವನ್ನು ವರ್ಷಕ್ಕೊಮ್ಮೆ ತೋರಿಸುತ್ತಿರಿ ಎಂದು ಹೇಳಿ ಕಳಿಸಿದ್ದರು.

ಆ ಮಾತು ಮನೆಯೊಳಗೆ ಬಂದು ಕೂತುಬಿಟ್ಟಿತ್ತು. ಮಗಳು ವರ್ಷವರ್ಷವೂ ಪರೀಕ್ಷೆ ಮಾಡಿಸಿಕೊಂಡಳು. ಪ್ರತಿ ಸಲವೂ ಏನೂ ಇಲ್ಲ ಎಂದೇ ಬಂತು. ಆದರೂ ಮೆಚ್ಚಿದ ಹುಡುಗ ಮದುವೆಯ ಮಾತೆತ್ತಿದಾಗ, "ನನ್ನನ್ನ ಕಟ್ಕೊಂಡು ನೀನು ಆಸ್ಪತ್ರೆ ಮೆಟ್ಟಿಲು ಹತ್ಕೊಂಡು ಇರೋದು ಬೇಡ" ಎಂದು ಹೇಳಿ ಕಳಿಸಿದಳು. ಅವನು ಒಂದಷ್ಟು ದಿನ ಕಾದು ಬೇರೆಯವಳನ್ನು ಮದುವೆಯಾದ.

ಬನ್ನು ತನ್ನ ಕಾಲನ್ನು ತಾನೇ ಒತ್ತಿ ನೋಡಿಕೊಂಡ. ಗುಳಿ ಹಾಗೇ ಉಳಿಯಿತು. ಹತ್ತಿರದ ಡಾಕ್ಟರು ಅಣ್ಣನ ಕತೆ ಕೇಳುತ್ತಿದ್ದ ಹಾಗೇ ತಲೆ ಆಡಿಸಿ, ಅದೇ ಇರಬೇಕು ಎಂದರು. ಅವನು ಮನೆಗೆ ಬಂದು ಅಣ್ಣನ ಮಗಳನ್ನು ಭಟ್ಟಿಯ ಮುಂದೆ ನಿಲ್ಲಿಸಿಕೊಂಡ. ಬ್ರೆಡ್ಡಿನ ತಳ ತಟ್ಟಿ ಶಬ್ದದಲ್ಲೇ ಬೆಂದಿದೆಯೋ ಇಲ್ಲವೋ ತಿಳಿಯುವುದನ್ನು ಕಲಿಸತೊಡಗಿದ.

"ಇದೆಲ್ಲ ಈಗ್ಯಾಕೆ ಚಿಕ್ಕಪ್ಪ?" ಎಂದಳು ಅವಳು.

"ಕಲಿತಿರು. ನನಗೆ ಸೊಂಟ ನೋವು" ಎಂದ.

ಹೊಟ್ಟೆಯಲ್ಲಿ ನೀರು ತುಂಬಿ ಮಲಗಲೂ ಆಗದಂತಾದಾಗ ಅತ್ತಿಗೆ ಅವನನ್ನು ಎಳೆದುಕೊಂಡೇ ಇನ್ನೊಂದು ಆಸ್ಪತ್ರೆಗೆ ಹೋದಳು. ನೀರು ತೆಗೆಸಿಕೊಂಡು ಬಂದರೆ ಸಾಕೆಂದಿದ್ದಳು. ಆದರೆ ಅಲ್ಲಿನ ಹೃದಯದ ಡಾಕ್ಟರು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ನಡುವಯಸ್ಸಿನ ಹೆಂಗಸು, ಹಳೆಯ ಮಾತು ಕೇಳಿಸಿಕೊಂಡೂ ತಾನೇ ಒಮ್ಮೆ ನೋಡುತ್ತೇನೆ ಎಂದರು. ಅವನನ್ನು ಎಡಕ್ಕೆ ಹೊರಳಿಸಿ ಮಲಗಿಸಿ, ಎದೆಯ ಮೇಲೆ ಯಂತ್ರದ ಹಿಡಿ ಇಟ್ಟರು.

"ಉಸಿರು ಎಳ್ಕೊಳಿ. ಮೆಲ್ಲಗೆ. ಈಗ ಬಿಡಿ."

ಮತ್ತೆ ಎಳೆಸಿದರು, ಬಿಡಿಸಿದರು. ಎಷ್ಟೋ ಹೊತ್ತು ಅದೇ ಆಯಿತು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅತ್ತಿಗೆ ಪರದೆಯ ಕಡೆ ಕತ್ತು ಚಾಚಿದಳು.

"ಇದು ಸ್ನಾಯುವಿನ ಕಾಯಿಲೆ ಅಂತ ನನಗೆ ಅನ್ನಿಸ್ತಿಲ್ಲ" ಎಂದರು ಡಾಕ್ಟರು. ಪರದೆಯನ್ನು ಇಬ್ಬರಿಗೂ ಕಾಣುವಂತೆ ತಿರುಗಿಸಿದರು. "ಹೃದಯದ ಸುತ್ತ ತೆಳ್ಳಗೆ ಒಂದು ಚೀಲ ಇರುತ್ತೆ. ಆ ಚೀಲ ಗಟ್ಟಿಯಾದ್ರೂ ಹೃದಯ ಹಿಗ್ಗೋಕಾಗಲ್ಲ, ಸ್ನಾಯು ಗಟ್ಟಿಯಾದ್ರೂ ಹಿಗ್ಗೋಕಾಗಲ್ಲ. ಹೊರಗಿಂದ ನೋಡಿದ್ರೆ ಎರಡಕ್ಕೂ ಅದೇ ಹೊಟ್ಟೆ, ಅದೇ ಕಾಲು. ಆದ್ರೆ ಇಲ್ಲಿ ನೋಡಿ, ಎರಡು ಕೋಣೆ ಮಧ್ಯದ ಗೋಡೆ. ಇವರು ಉಸಿರು ಎಳೆದಾಗ ಎಡಕ್ಕೆ ವಾಲುತ್ತೆ, ಬಿಟ್ಟಾಗ ವಾಪಸ್ ಬರುತ್ತೆ. ಹೊರಗಡೆ ಜಾಗವೇ ಇಲ್ಲ. ಹಾಗಾಗಿ ಒಂದು ಕೋಣೆ ತುಂಬಬೇಕಾದ್ರೆ ಇನ್ನೊಂದು ಜಾಗ ಬಿಟ್ಕೊಡಬೇಕು. ಇನ್ನು ಸ್ನಾಯು ಸಡಿಲ ಆಗೋ ಚುರುಕು ನೋಡಿ. ಅದೇ ಕೆಟ್ಟಿದ್ರೆ ಇದು ಮಂದವಾಗಿರಬೇಕಿತ್ತು."

ಬನ್ನು ತಲೆ ಎತ್ತಿದ. "ಅಂದ್ರೆ ಒಳಗಡೆ ಬ್ರೆಡ್ಡು ಮೆತ್ತಗೇ ಇದೆ. ಮೇಲಿನ ಸಿಪ್ಪೆ ಗಟ್ಟಿಯಾಗಿದೆ."

"ಹಾಗೇ ಅಂದ್ಕೊಳಿ. ಬ್ರೆಡ್ಡೇ ಒಣಗಿದ್ರೆ ನನ್ನ ಕೈಲಿ ಹೆಚ್ಚೇನೂ ಇರ್ತಿರಲಿಲ್ಲ. ಸಿಪ್ಪೆ ಆದ್ರೆ ಬಿಡಿಸಬಹುದು. ದೊಡ್ಡ ಆಪರೇಷನ್, ಅಪಾಯ ಇಲ್ಲ ಅನ್ನಲ್ಲ. ಆದ್ರೂ ಬಿಡಿಸಬಹುದು."

ಅವನು ಅತ್ತಿಗೆಯ ಕಡೆ ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಆಸೆ ಕಾಣಿಸಿತು. ಡಾಕ್ಟರು ಹಿಡಿಯನ್ನು ಒರೆಸುತ್ತ ಕೇಳಿದರು: "ಈ ಚೀಲ ಹೀಗಾಗೋಕೆ ಹೆಚ್ಚಾಗಿ ಕ್ಷಯವೇ ಕಾರಣ. ಟಿ.ಬಿ. ಮೊದಲು ಚೀಲದಲ್ಲಿ ನೀರು ತುಂಬುತ್ತೆ, ಆಮೇಲೆ ಅದು ಒಣಗಿ ದಪ್ಪವಾಗ್ತಾ ಹೋಗುತ್ತೆ. ಎಷ್ಟೋ ವರ್ಷ ಗೊತ್ತೇ ಆಗಲ್ಲ. ನಿಮ್ಮ ಮನೇಲಿ ಯಾರಾದ್ರೂ ತುಂಬಾ ದಿನ ಕೆಮ್ತಾ ಇದ್ರಾ?"

"ನಮ್ಮಪ್ಪ" ಎಂದ ಬನ್ನು. "ಹಿಟ್ಟಿನ ಧೂಳು ಅಂದ್ಕೊಂಡಿದ್ವಿ. ರಕ್ತ ಬಂದಮೇಲೆ ಟಿ.ಬಿ. ಅಂತ ಗೊತ್ತಾಯ್ತು. ಭಟ್ಟಿ ಹಿಂದಿನ ಕೋಣೆ ಬೆಚ್ಚಗಿರುತ್ತೆ ಅಂತ ಅಲ್ಲೇ ಮಲಗ್ತಿದ್ರು. ನಾವೂ ಅಲ್ಲೇ ಮಲಗ್ತಿದ್ವಿ."

"ನಾವು ಅಂದ್ರೆ?"

"ನಾನು, ಅಣ್ಣ."

ಡಾಕ್ಟರು ಕನ್ನಡಕವನ್ನು ಕಣ್ಣಿಗಿಳಿಸಿಕೊಂಡರು. ಅತ್ತಿಗೆ ಸ್ಟೂಲಿನಿಂದ ಎದ್ದು, ಯಾಕೆ ಎದ್ದೆನೆಂದು ತಿಳಿಯದೆ, ಮತ್ತೆ ಕೂತಳು.

ಮುಂದಿನ ವಾರ ಪರೀಕ್ಷೆಗಳಲ್ಲಿ ಹೋಯಿತು. ಸ್ಕ್ಯಾನಿನಲ್ಲಿ ಹೃದಯದ ಸುತ್ತ ದಪ್ಪ ಪದರ ಕಂಡಿತು. ಅಲ್ಲಲ್ಲಿ ಸುಣ್ಣ ಕಟ್ಟಿದಂತೆ ಬೆಳ್ಳಗಿತ್ತು. ಆದರೂ ಡಾಕ್ಟರು ಅಷ್ಟಕ್ಕೇ ಬಿಡದೆ, ಹೃದಯದ ಎರಡೂ ಕೋಣೆಗಳಿಗೆ ಸಣ್ಣ ಕೊಳವೆ ಹಾಯಿಸಿ ಒತ್ತಡ ಅಳೆದರು. ಉಸಿರು ಎಳೆದಾಗ ಬಲಗಡೆಯದು ಏರಿತು, ಎಡಗಡೆಯದು ಇಳಿಯಿತು. ಸ್ನಾಯು ಕೆಟ್ಟಿದ್ದರೆ ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದವಂತೆ. ಇನ್ನು ಅನುಮಾನವಿಲ್ಲ ಎಂದರು.

ಆಪರೇಷನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ದಾಟಿತು. ಹಸಿರು ಟೋಪಿಯಲ್ಲೇ ಹೊರಗೆ ಬಂದ ಸರ್ಜನ್‌ಗೆ ಮಾತಾಡುವಷ್ಟೂ ತ್ರಾಣ ಇದ್ದಂತಿರಲಿಲ್ಲ. "ಬಿಡಿಸಿದೀವಿ. ಕೆಲವು ಕಡೆ ಸ್ನಾಯುವಿಗೇ ಅಂಟಿಕೊಂಡಿತ್ತು, ಅಲ್ಲಿ ಎಳೆಯೋಕೆ ಹೋಗಲಿಲ್ಲ" ಎಂದರು. ಅವರ ಹಿಂದೆ ಬಂದ ನರ್ಸಿನ ಕೈಯಲ್ಲಿ ಒಂದು ಡಬ್ಬಿ ಇತ್ತು. ಪರೀಕ್ಷೆಗೆ ಕಳಿಸುವುದು.

"ಅದೇನಾ?" ಎಂದಳು ಅತ್ತಿಗೆ.

ಸರ್ಜನ್ ನರ್ಸಿನ ಕಡೆ ತಿರುಗಿ, ತೋರಿಸಿ ಎಂದು ಸನ್ನೆ ಮಾಡಿದರು. ನೀರಿನಂಥ ದ್ರವದಲ್ಲಿ ಹಳದಿ ಬಣ್ಣದ ತುಂಡುಗಳು ತೇಲುತ್ತಿದ್ದವು. ದಪ್ಪ ಚರ್ಮದ ಚೂರುಗಳ ಹಾಗೆ. ಒಂದರ ಅಂಚಿಗೆ ಮೊಟ್ಟೆಯ ಚಿಪ್ಪಿನಂಥದು ಅಂಟಿತ್ತು.

"ಇಷ್ಟೇನಾ?" ಎಂದಳು. "ಇಷ್ಟೇ ಇದ್ದಿದ್ದಾ?"

ಅವಳು ಅಳುತ್ತಾಳೆಂದು ಮಗಳು ಭುಜ ಹಿಡಿದಳು. ಅವಳು ಅಳಲಿಲ್ಲ. ಡಬ್ಬಿ ಬಾಗಿಲಾಚೆ ಮರೆಯಾಗುವವರೆಗೂ ನೋಡುತ್ತ ನಿಂತಳು.

ಮೂರು ದಿನ ಬನ್ನು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಿದ್ದ. ಇಷ್ಟು ವರ್ಷ ಹಿಂಡಿಸಿಕೊಂಡಿದ್ದ ಹೃದಯ ಬಿಡುಗಡೆಯಾದ ಕೂಡಲೇ ಓಡುವುದಿಲ್ಲ, ಸೋತೂ ಹೋಗಬಹುದು ಎಂದು ಹೃದಯದ ಡಾಕ್ಟರು ಮೊದಲೇ ಹೇಳಿದ್ದರು. ನಾಲ್ಕನೆಯ ದಿನ ರಕ್ತದ ಒತ್ತಡ ನೆಲೆಗೆ ನಿಂತಿತು. ಮೂತ್ರ ಧಾರಾಳವಾಗಿ ಹೋಗತೊಡಗಿತು. ಕಾಲಿನ ಊತ ಇಳಿಯುತ್ತ ಇಳಿಯುತ್ತ ಮೊಣಕಾಲಿನ ಮೂಳೆ ಕಂಡಿತು. ತುಂಡುಗಳಲ್ಲಿ ಕ್ಷಯದ ಗುರುತು ಸಿಕ್ಕಿತೆಂದು ಆರು ತಿಂಗಳ ಮಾತ್ರೆ ಶುರು ಮಾಡಿದರು. ಅತ್ತಿಗೆ, ಮಗಳ ಎದೆಯ ಎಕ್ಸ್‌ರೇಯೂ ಆಯಿತು. ಅವರಿಬ್ಬರಿಗೂ ಏನೂ ಇರಲಿಲ್ಲ.

ಮನೆಗೆ ಕಳಿಸುವ ಹಿಂದಿನ ದಿನ ಅತ್ತಿಗೆ ಒಬ್ಬಳೇ ಡಾಕ್ಟರ ಕೋಣೆಗೆ ಹೋದಳು.

"ನಮ್ಮನೆಯವರಿಗೂ ಇದೇ ಇತ್ತಾ ಡಾಕ್ಟ್ರೇ?"

"ಅವರ ಹೃದಯ ನಾನು ನೋಡಿಲ್ಲಮ್ಮ. ಖಂಡಿತ ಅಂತ ಹೇಳೋಕೆ ಯಾರ ಕೈಲೂ ಆಗಲ್ಲ."

"ನಿಮಗೆ ಏನನ್ಸುತ್ತೆ?"

"ಇದೇ ಇತ್ತು ಅನ್ಸುತ್ತೆ."

"ಆಗ ಗೊತ್ತಾಗಿದ್ದಿದ್ರೆ?"

"ಇವರಿಗೆ ಮಾಡಿದ್ದನ್ನೇ ಮಾಡಬಹುದಿತ್ತು. ಬದುಕ್ತಿದ್ರು ಅಂತ ಹೇಳಲಾರೆ. ಒಂದು ಅವಕಾಶ ಇರ್ತಿತ್ತು. ಎರಡೂ ತುಂಬಾ ಒಂದೇ ಥರ ಕಾಣುತ್ವೆ, ತಿಳಿದವರೂ ಮೋಸ ಹೋಗ್ತಾರೆ. ನಾನೂ ಹೋಗಿದೀನಿ." ಆಮೇಲೆ, "ಟಿ.ಬಿ. ಮನೆತನದಲ್ಲಿ ಇಳಿದು ಬರೋದಲ್ಲ, ನಿಮ್ಮ ಮಗಳು ಇನ್ನು ಹೆದರಬೇಕಿಲ್ಲ. ಅವಳ ಹೃದಯ ಚೆನ್ನಾಗಿದೆ" ಎಂದರು.

ಆ ಮಾತನ್ನು ಮಗಳಿಗೆ ಹೇಳಿದಾಗ ಅವಳು ಬ್ರೆಡ್ಡಿನ ಟ್ರೇ ಉಜ್ಜುತ್ತಿದ್ದಳು. ಉಜ್ಜುವುದನ್ನು ನಿಲ್ಲಿಸಲಿಲ್ಲ. "ಸಂತೋಷ ಪಡಬೇಕಾ ಅಮ್ಮ?" ಎಂದಳು. "ಹೇಗೆ ಪಡೋದು ಅಂತ ಹೇಳು, ಪಡ್ತೀನಿ." ಆಮೇಲೆ ಟ್ರೇಯನ್ನು ನೀರಿನ ತೊಟ್ಟಿಗೆ ಬಿಟ್ಟು ಗೋಡೆಗೆ ಮುಖ ಮಾಡಿ ನಿಂತಳು.

ಬನ್ನು ಮನೆಗೆ ಬಂದ. ಎದೆಯ ಮೂಳೆ ಕೂಡುವವರೆಗೆ ಭಾರ ಎತ್ತುವಂತಿರಲಿಲ್ಲ. ಅಂಗಡಿಯ ಹಿಂಬದಿಯ ಬೆಂಚಿನಲ್ಲಿ ಕೂತು ಬನ್ನಿಗೆ ಹಿಟ್ಟು ಉಂಡೆ ಮಾಡಿ ಕೊಡುತ್ತಿದ್ದ. ಹಸಿವೆಂದು ಬಾಯಿಬಿಟ್ಟು ಕೇಳಿ ತಿನ್ನುತ್ತಿದ್ದ. ಅತ್ತಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು, ಮಾತ್ರೆ ಕೊಟ್ಟಳು, ಗಾಯ ನೋಡಿದಳು. ಆದರೆ ಅವನ ಮುಖ ನೋಡಿ ಮಾತಾಡುವುದು ಅವಳಿಂದ ಆಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವನೇ ಕೇಳಿದ:

"ಅತ್ತಿಗೆ, ನಾನು ಉಳ್ಕೊಂಡಿದ್ದು ನಿಮಗೆ ಕಷ್ಟ ಆಗ್ತಿದೆಯಾ?"

ಛೆ, ಏನು ಮಾತು ಅಂತ ಆಡ್ತೀಯ ಎಂದು ಹೇಳಲು ಅವಳು ಬಾಯಿ ತೆರೆದಳು. ಸುಳ್ಳು ಹೊರಡಲಿಲ್ಲ.

"ಹೂಂ, ಆಗ್ತಿದೆ" ಎಂದಳು. "ನೀನು ಹೋಗಬೇಕಿತ್ತು ಅಂತಲ್ಲ ಕಣೋ, ದೇವರಾಣೆ. ಕೊನೆಕೊನೆಗೆ ಅವರು ನೀರು ಕೇಳ್ತಿದ್ರು. ಅಳತೆ ಮೀರಿ ಕೊಡಬಾರದು ಅಂದಿದ್ರು ಡಾಕ್ಟ್ರು. ನಾನು ಕೊಡ್ತಿರಲಿಲ್ಲ. ಬೈತಿದ್ದೆ. ಏನು ಮಾಡಿದ್ರೂ ಉಳಿಯಲ್ಲ ಅನ್ನೋ ಕಾಯಿಲೆ, ಹಣೆಬರಹ ಅಂತ ಇಷ್ಟು ವರ್ಷ ಹೇಗೋ ಎದೆ ಗಟ್ಟಿ ಮಾಡ್ಕೊಂಡಿದ್ದೆ. ಈಗ ನೀನು ತಟ್ಟೆ ಖಾಲಿ ಮಾಡಿ ಇನ್ನೊಂಚೂರು ಹಾಕಿ ಅಂತೀಯ ನೋಡು, ಆಗ ತಡೆಯೋಕಾಗಲ್ಲ. ಅವರೂ ಹೀಗೇ ಕೇಳಬಹುದಿತ್ತಲ್ಲ ಅನ್ಸುತ್ತೆ."

ಬನ್ನುವಿನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ಉಳಿಯಿತು. ಅವನು ಬಿಕ್ಕಿದ. ಬಿಕ್ಕಿದರೆ ಎದೆಯ ಹೊಲಿಗೆ ನೋಯುತ್ತಿತ್ತು. ಒಂದು ಕೈಯಿಂದ ಎದೆ ಒತ್ತಿಕೊಂಡು ಅತ್ತ. ಅವಳು ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಎಂಟು ವರ್ಷದ ಹಿಂದೆ ಅತ್ತದ್ದು ಹೋದವನಿಗಾಗಿ. ಈಗ ಅಳು ಬಂದದ್ದು ಉಳಿಯಬಹುದಾಗಿದ್ದವನಿಗಾಗಿ. ಅದು ಬೇರೆಯೇ ಅಳು ಎಂದು ಅವಳಿಗೆ ಆಗ ತಿಳಿಯಿತು.

"ಇನ್ಮೇಲೆ ನಾನು ಒಳಗೆ ಕೂತು ಊಟ ಮಾಡ್ತೀನಿ" ಎಂದ ಅವನು.

"ಬೇಡ. ನನ್ನೆದುರೇ ಮಾಡು. ಹೊಟ್ಟೆ ತುಂಬಾ ಮಾಡು" ಎಂದಳು. "ನೋಡ್ತಾ ನೋಡ್ತಾ ಅಭ್ಯಾಸ ಆಗುತ್ತೆ."

ಅಭ್ಯಾಸ ಬೇಗ ಆಗಲಿಲ್ಲ. ಮಾತ್ರೆ ಮುಗಿದು, ಬನ್ನು ಮತ್ತೆ ಭಟ್ಟಿಯ ಮುಂದೆ ನಿಂತಮೇಲೂ ಕೆಲವು ದಿನ ಅವಳು ಬಡಿಸಿ ಬೇರೆ ಕಡೆ ತಿರುಗುತ್ತಿದ್ದಳು. ಅವನು ಅದನ್ನು ನೋಡಿಯೂ ನೋಡದವನಂತೆ ತುತ್ತು ನುಂಗಿ, ಎಂದಿನ ದನಿಯಲ್ಲಿ ಇನ್ನೊಂಚೂರು ಹಾಕಿ ಅತ್ತಿಗೆ ಎನ್ನುತ್ತಿದ್ದ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹಾಕುತ್ತಿದ್ದಳು.