ಖಾಲಿ ಕೈಯ ಮೆಟ್ಟಿಲು

ಮಗಳು ಕಡ್ಡಿ ಮುರಿದಂತೆ ಹೇಳಿ ಹೋಗಿದ್ದಳು. ತನ್ನ ಹೆರಿಗೆ ರಜೆ ಮುಗಿಯುವಷ್ಟರಲ್ಲಿ ಅಮ್ಮ ಕೂಸನ್ನೆತ್ತಿಕೊಂಡು ನೆಲದಿಂದ ತಾನೇ ಎದ್ದರೆ ಕೂಸು ಅಜ್ಜಿಯ ಹತ್ತಿರ, ಇಲ್ಲದಿದ್ದರೆ ಶಿಶುವಿಹಾರ. ಹೋದ ಸಲ ಅಮ್ಮ ಕೂಸಿನ ಸಮೇತ ಪಕ್ಕಕ್ಕೆ ವಾಲಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಗೆ ಹೇಳಿದ್ದು ಮಗಳ ತಪ್ಪಲ್ಲ. ಮರುದಿನವೇ ಅಜ್ಜಿ ಮಂಡಿ ತೋರಿಸಲು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದಳು.

ಫಿಸಿಯೋ ಹುಡುಗಿ ಮಂಡಿ ಒತ್ತಿ ನೋಡಿ, ಜಿಮ್ಮೂ ಬೇಡ ಗಿಮ್ಮೂ ಬೇಡ, ದಿನದಲ್ಲಿ ಹತ್ತು ಹತ್ತು ನಿಮಿಷ ಸಾಕು ಎಂದಳು. ಬೆಳಿಗ್ಗೆ ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿ ಇಳಿಯುವುದು. ಅಡುಗೆಯಾದ ಮೇಲೆ ಬೆನ್ನನ್ನು ಗೋಡೆಗೆ ಆನಿಸಿ, ನೋಯದಷ್ಟು ಕೆಳಕ್ಕೆ ಜಾರಿ ಮತ್ತೆ ಏಳುವುದು. ಮಧ್ಯಾಹ್ನ ಕಾಲು ಬಕೆಟ್ ನೀರನ್ನು ಮಂಡಿ ಬಗ್ಗಿಸಿ, ಬೆನ್ನು ನೇರವಾಗಿಟ್ಟು ಎತ್ತಿಳಿಸುವುದು. ಸಂಜೆ ಟವೆಲಿನ ಎರಡು ತುದಿ ಹಿಡಿದು ಎಳೆಯುವುದು.

ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ಜನ್ಮವಿಡೀ ಮಾಡಿದ್ದು ಇದನ್ನೇ ಅಲ್ಲವೇ? ಮನೆಯವರಿಗೂ ಹಾಗೇ ಅನಿಸಿತು. ಮೇಲೆ ಹೋಗುತ್ತಿದ್ದೀಯಲ್ಲ, ಈ ಬಟ್ಟೆಯನ್ನೂ ಒಯ್ಯು ಎಂದು ಗಂಡ. ಬಕೆಟ್ ಎತ್ತುತ್ತಿದ್ದೀಯಲ್ಲ, ಹಾಗೇ ಗಿಡಗಳಿಗೆ ಹಾಕು ಎಂದು ಅತ್ತೆ. ಗೋಡೆಗೊರಗಿ ನಿಂತರೆ ಮಾತ್ರ, ತಲೆ ಸುತ್ತುತ್ತಿದೆಯೇ ಎಂದು ಇಬ್ಬರೂ ಓಡಿಬರುತ್ತಿದ್ದರು. ಅಜ್ಜಿಯೂ ಜಾಣೆ, ಒಂದೇ ಏಟಿಗೆ ಎರಡು ಕೆಲಸವಾಯಿತೆಂದು ಎಲ್ಲವನ್ನೂ ವ್ಯಾಯಾಮದ ಲೆಕ್ಕಕ್ಕೆ ಸೇರಿಸಿಕೊಂಡಳು. ಮಂಡಿ ಇದ್ದಲ್ಲೇ ಇತ್ತು, ಜೊತೆಗೆ ಬಲಭುಜವೂ ನೋಯತೊಡಗಿತು. ಇಷ್ಟು ದುಡಿದರೂ ಶಕ್ತಿ ಎಲ್ಲಿಗೆ ಹೋಯಿತೋ ಎಂದು ಆಕೆ ಕಕ್ಕಾಬಿಕ್ಕಿಯಾದಳು.

ಮತ್ತೆ ತೋರಿಸಲು ಹೋದಾಗ ಫಿಸಿಯೋ ಎಲ್ಲ ಕೇಳಿ ಹಣೆ ಚಚ್ಚಿಕೊಳ್ಳಲಿಲ್ಲ, ಪುಣ್ಯ.

"ಆಂಟಿ, ಕೆಲಸ ಬೇಗ ಮುಗೀಲಿ ಅಂತ ಮಾಡ್ತೀರ. ತುಂಬಿದ ಬಕೆಟ್, ಯಾವಾಗ್ಲೂ ಒಂದೇ ಕೈ, ಬೆನ್ನು ಬಗ್ಗಿಸಿ. ಇದನ್ನ ನಿಮ್ಮ ಮೈಗೋಸ್ಕರ ಮಾಡಿ. ನಿಧಾನವಾಗಿ. ಸುಲಭ ಅನಿಸಿದ್ರೆ ಮಾತ್ರ ಸ್ವಲ್ಪ ಜಾಸ್ತಿ."

ಮೈಗೋಸ್ಕರ ಎಂಬ ಮಾತು ಆಕೆಗೆ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ. ಖಾಲಿ ಕೈಯಲ್ಲಿ ಮೆಟ್ಟಿಲು ಹತ್ತುವಾಗ ಕದ್ದು ಏನೋ ಮಾಡುತ್ತಿರುವಂತೆ ನಾಚಿಕೆ. ಮೇಲೆ ಹೋಗಿ ಏನು ತರಬೇಕಿತ್ತೆಂದು ಪೆಚ್ಚಾಗಿ ನಿಂತದ್ದೂ ಉಂಟು. ಆದರೂ ಬಿಡಲಿಲ್ಲ, ಬಟ್ಟೆಯ ಬುಟ್ಟಿಯನ್ನು ಗಂಡನ ಕಡೆಗೇ ತಳ್ಳಿದಳು. ವಾರಗಳು ಕಳೆದಂತೆ ಗೋಡೆಯ ಮೇಲೆ ಇನ್ನೊಂದು ಗೇಣು ಕೆಳಕ್ಕೆ ಜಾರಿದರೂ ಮಂಡಿ ಸುಮ್ಮನಿತ್ತು.

ರಜೆ ಮುಗಿಯುವ ವಾರ ಮಗಳು ಬಂದಳು. ಅಜ್ಜಿ ಕೂಸನ್ನು ಎದೆಗವಚಿಕೊಂಡು ನೆಲದ ಮೇಲೆ ಕುಳಿತಳು. ಮಗಳು ಎರಡೂ ಕೈ ಚಾಚಿ ಹತ್ತಿರವೇ ನಿಂತಳು. ಅಜ್ಜಿ ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು, ಉಸಿರು ಬಿಡುತ್ತ ಎದ್ದಳು. ಮಗಳ ಕೈಗೆ ಕೆಲಸವೇ ಬೀಳಲಿಲ್ಲ. ಅವಳ ಕಣ್ಣು ತುಂಬಿತು.

ಗಂಡ ನಿಟ್ಟುಸಿರು ಬಿಟ್ಟ.

"ಸದ್ಯ, ಕೂಸು ಇಲ್ಲೇ ಇರುತ್ತೆ. ಇನ್ನು ಆ ಗೋಡೆ ಗೀಡೆ ಎಲ್ಲ ಬಿಡ್ಬಹುದು ಅಲ್ವಾ?"

ಒಂದು ಕ್ಷಣ ಆಕೆಗೂ ಹೌದಲ್ಲ ಅನಿಸಿತು. ಆಮೇಲೆ ಕೂಸನ್ನು ಆತನ ತೋಳಿಗೆ ಹಾಕಿದಳು.

"ಹಿಡ್ಕೊಳ್ಳಿ," ಎಂದಳು. "ಹತ್ತು ನಿಮಿಷ."